ಎಷ್ಟು ಡಿಕ್ಕಿಗೆ ನ್ಯೂಟ್ರಾನ್ ನಿಧಾನವಾಗುತ್ತದೆ? ಹಗುರ ನ್ಯೂಕ್ಲಿಯಸ್‌ಗಳ ಲೆಕ್ಕ, ಹಂತ ಹಂತವಾಗಿ

ಯುರೇನಿಯಂ 235ರ ನ್ಯೂಕ್ಲಿಯಸ್ ಒಡೆದಾಗ ಹೊರಬರುವ ನ್ಯೂಟ್ರಾನ್‌ನ ಸರಾಸರಿ ಶಕ್ತಿ ಸುಮಾರು 20 ಲಕ್ಷ ಎಲೆಕ್ಟ್ರಾನ್‌ವೋಲ್ಟ್. ಅಂದರೆ ಅದು ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಅದು ಮತ್ತೊಂದು ಯುರೇನಿಯಂ 235 ನ್ಯೂಕ್ಲಿಯಸ್ಸನ್ನು ಒಡೆಯುವ ಸಂಭವ ತೀರಾ ಕಡಿಮೆ. ಪರಮಾಣು ಭೌತಶಾಸ್ತ್ರದಲ್ಲಿ ಇಂಥ ಸಂಭವವನ್ನು ‘ಬಾರ್ನ್’ ಎಂಬ ಏಕಮಾನದಲ್ಲಿ ಅಡ್ಡಛೇದವಾಗಿ ಅಳೆಯುತ್ತಾರೆ. ವೇಗದ ನ್ಯೂಟ್ರಾನ್‌ಗೆ ಯುರೇನಿಯಂ 235ರ ವಿದಳನ ಅಡ್ಡಛೇದ ಒಂದು ಬಾರ್ನ್‌ಗಿಂತ ಸ್ವಲ್ಪ ಹೆಚ್ಚು. ಅದೇ ನ್ಯೂಟ್ರಾನ್ ಕೋಣೆಯ ಉಷ್ಣತೆಗೆ ತಕ್ಕ 0.025 ಎಲೆಕ್ಟ್ರಾನ್‌ವೋಲ್ಟ್‌ಗೆ ಇಳಿದರೆ ಅಡ್ಡಛೇದ ಸುಮಾರು 585 ಬಾರ್ನ್‌ಗೆ ಏರುತ್ತದೆ. ಆಗ ಅದರ ವೇಗ ಸೆಕೆಂಡಿಗೆ ಬರೀ 2.2 ಕಿಲೋಮೀಟರ್.

ಶಕ್ತಿ 8 ಕೋಟಿ ಪಟ್ಟು ಕುಗ್ಗಬೇಕು. ಈ ಕೆಲಸ ಮಾಡುವ ವಸ್ತುವಿಗೆ ಮಂದಕ ಎಂದು ಹೆಸರು. ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಈ ಪಾಠ ಮಾಡುವಾಗ ನಾನು ಗಮನಿಸಿದ್ದು ಇಷ್ಟು: ‘ಹಗುರ ನ್ಯೂಕ್ಲಿಯಸ್ ಒಳ್ಳೆಯ ಮಂದಕ’ ಎಂಬ ವಾಕ್ಯ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ, ಎಷ್ಟು ಒಳ್ಳೆಯದು, ಯಾವ ಅಳತೆಯಲ್ಲಿ ಒಳ್ಳೆಯದು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಒಂದು ಕ್ಯಾಲ್ಕುಲೇಟರ್ ಇದ್ದರೆ ಉತ್ತರವನ್ನು ನಾವೇ ಕಂಡುಕೊಳ್ಳಬಹುದು. ಸಂಧ್ಯೆಯೊಳಗೆ ಮುಗಿಯುವ ಲೆಕ್ಕ, ಆದರೆ ಒಂದೆರಡು ಕಡೆ ಕಾಲು ಜಾರುವ ಜಾಗಗಳಿವೆ.

ಹಂತ 1: ಒಂದೇ ಒಂದು ಡಿಕ್ಕಿಯನ್ನು ಹಿಡಿದುಕೊಳ್ಳಿ

ಗೋಲಿ ಆಡಿದವರಿಗೆ ಮೊದಲ ಹಂತ ಗೊತ್ತೇ ಇದೆ. ಗೋಲಿಯೊಂದು ಅಷ್ಟೇ ತೂಕದ ಇನ್ನೊಂದು ಗೋಲಿಗೆ ನೇರವಾಗಿ ಹೊಡೆದರೆ ಮೊದಲನೆಯದು ನಿಂತುಬಿಡುತ್ತದೆ, ಎರಡನೆಯದು ಹಾರಿಹೋಗುತ್ತದೆ. ಅದೇ ಗೋಲಿಯನ್ನು ರುಬ್ಬುವ ಗುಂಡಿಗೆ ಹೊಡೆದರೆ ಗುಂಡು ಅಲುಗುವುದಿಲ್ಲ, ಗೋಲಿ ಹೆಚ್ಚುಕಡಿಮೆ ಬಂದ ವೇಗದಲ್ಲೇ ವಾಪಸಾಗುತ್ತದೆ.

ಇದನ್ನೇ ಲೆಕ್ಕಕ್ಕೆ ತರೋಣ. ನ್ಯೂಟ್ರಾನ್‌ನ ತೂಕ 1, ಎದುರಿನ ನ್ಯೂಕ್ಲಿಯಸ್‌ನ ತೂಕ A, ಅದು ನಿಂತಿದೆ ಎಂದುಕೊಳ್ಳಿ. ನ್ಯೂಟ್ರಾನ್‌ನ ವೇಗ v ಆದರೆ ಎರಡರ ಒಟ್ಟು ದ್ರವ್ಯರಾಶಿ ಕೇಂದ್ರ v/(A+1) ವೇಗದಲ್ಲಿ ಸಾಗುತ್ತಿರುತ್ತದೆ. ಆ ಕೇಂದ್ರದ ಮೇಲೆ ಕುಳಿತು ನೋಡಿದರೆ ಡಿಕ್ಕಿಯಲ್ಲಿ ನ್ಯೂಟ್ರಾನ್‌ನ ವೇಗ ಬದಲಾಗುವುದಿಲ್ಲ, ದಿಕ್ಕು ಮಾತ್ರ ತಿರುಗುತ್ತದೆ. ದಿಕ್ಕು ಪೂರ್ತಿ ಹಿಂದಕ್ಕೆ ತಿರುಗಿದಾಗ ನೆಲದ ಮೇಲೆ ನಿಂತವರಿಗೆ ಕಾಣುವ ವೇಗ ಅತ್ಯಂತ ಕಡಿಮೆ. ಆಗ ಉಳಿಯುವ ಶಕ್ತಿ ಮೊದಲಿದ್ದ ಶಕ್ತಿಯ α ಪಟ್ಟು:

```
α = ((A − 1) / (A + 1))²
```

ಹೈಡ್ರೋಜನ್‌ಗೆ A = 1. ಹಾಗಾಗಿ α ಸೊನ್ನೆ. ಒಂದೇ ಡಿಕ್ಕಿಯಲ್ಲಿ ಎಲ್ಲ ಶಕ್ತಿಯೂ ಹೋಗಬಹುದು. ಕಾರ್ಬನ್‌ಗೆ A = 12, α ಎಂದರೆ (11/13)² = 0.716. ಡಿಕ್ಕಿ ಎಷ್ಟೇ ನೇರವಾಗಿ ನಡೆದರೂ ಶಕ್ತಿಯ ಶೇಕಡ 72ರಷ್ಟು ನ್ಯೂಟ್ರಾನ್‌ನಲ್ಲೇ ಉಳಿಯುತ್ತದೆ. ಯುರೇನಿಯಂ 238ಕ್ಕೆ α 0.983. ಅದಕ್ಕೆ ಡಿಕ್ಕಿ ಹೊಡೆದ ನ್ಯೂಟ್ರಾನ್ ಶೇಕಡ 2ಕ್ಕಿಂತ ಹೆಚ್ಚನ್ನು ಎಂದೂ ಕಳೆದುಕೊಳ್ಳುವುದಿಲ್ಲ.

ಎಲ್ಲ ಡಿಕ್ಕಿಗಳೂ ನೇರವಾಗಿ ಆಗುವುದಿಲ್ಲ. ದ್ರವ್ಯರಾಶಿ ಕೇಂದ್ರದಿಂದ ನೋಡಿದಾಗ ನ್ಯೂಟ್ರಾನ್ ಎಲ್ಲ ದಿಕ್ಕಿಗೂ ಸಮಾನವಾಗಿ ಚದುರುತ್ತದೆ ಎಂದು ಒಪ್ಪಿಕೊಂಡರೆ, ಡಿಕ್ಕಿಯ ನಂತರದ ಶಕ್ತಿ αEಯಿಂದ Eವರೆಗಿನ ಯಾವ ಬೆಲೆಯನ್ನಾದರೂ ಒಂದೇ ಸಂಭವದಲ್ಲಿ ಪಡೆಯುತ್ತದೆ. ಈ ಸಮ ಹಂಚಿಕೆಯೇ ಮುಂದಿನ ಎಲ್ಲದಕ್ಕೂ ಬುನಾದಿ. ಹಗುರ ನ್ಯೂಕ್ಲಿಯಸ್‌ಗಳ ವಿಷಯದಲ್ಲಿ, ನಮಗೆ ಬೇಕಾದ ಶಕ್ತಿಗಳಲ್ಲಿ, ಇದು ಸಾಕಷ್ಟು ಸರಿಯಾದ ಊಹೆ.

ಹಂತ 2: ಸಾಮಾನ್ಯ ಸರಾಸರಿ ಏಕೆ ಸಾಲದು

ಮೊದಲ ಜಾರುವ ಜಾಗ ಇಲ್ಲಿದೆ. ಹೈಡ್ರೋಜನ್‌ಗೆ ಡಿಕ್ಕಿ ಹೊಡೆದ ನ್ಯೂಟ್ರಾನ್‌ನ ಶಕ್ತಿ ಸೊನ್ನೆಯಿಂದ Eವರೆಗೆ ಸಮನಾಗಿ ಹಂಚಿದೆ. ಹಾಗಾದರೆ ಸರಾಸರಿ E/2. ಪ್ರತಿ ಡಿಕ್ಕಿಗೂ ಶಕ್ತಿ ಅರ್ಧವಾಗುತ್ತದೆ ಎಂದುಕೊಂಡು 8 ಕೋಟಿಯನ್ನು ಮತ್ತೆ ಮತ್ತೆ ಎರಡರಿಂದ ಭಾಗಿಸುತ್ತಾ ಹೋದರೆ 26 ಡಿಕ್ಕಿಗಳು ಬೇಕು ಎಂಬ ಉತ್ತರ ಬರುತ್ತದೆ. ಸರಿಯಾದ ಉತ್ತರ 18ರ ಹತ್ತಿರದ್ದು. ವ್ಯತ್ಯಾಸ ಸಣ್ಣದಲ್ಲ.

ತಪ್ಪು ಎಲ್ಲಿದೆ ಎಂದು ಕೈಯಾರೆ ನೋಡಬಹುದು. ಒಂದು ಡಿಕ್ಕಿಯ ನಂತರ ಉಳಿಯುವ ಪಾಲನ್ನು ಹತ್ತು ಸಮ ಹಂತಗಳಾಗಿ ಬರೆದುಕೊಳ್ಳಿ: 0.05, 0.15, 0.25, ಹೀಗೆ 0.95ರವರೆಗೆ. ಇವುಗಳ ಸಾಮಾನ್ಯ ಸರಾಸರಿ 0.5. ಆದರೆ ನ್ಯೂಟ್ರಾನ್ ಸಾಲು ಸಾಲಾಗಿ ಡಿಕ್ಕಿ ಹೊಡೆಯುತ್ತಾ ಹೋದಾಗ ಈ ಪಾಲುಗಳು ಒಂದಕ್ಕೊಂದು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. 0.95ರ ಪಾಲು ಬಂದರೆ ನ್ಯೂಟ್ರಾನ್ ಇದ್ದಲ್ಲೇ ಇದ್ದಂತೆ, 0.05 ಬಂದರೆ ಒಂದೇ ಏಟಿಗೆ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಾಮಾನ್ಯ ಸರಾಸರಿಯಲ್ಲಿ 0.05 ಮತ್ತು 0.95 ಸೇರಿ ಸಪ್ಪೆಯಾದ 0.5 ಆಗುತ್ತವೆ, ಆ ಆಳವಾದ ಇಳಿತಕ್ಕೆ ಬೆಲೆಯೇ ಸಿಗುವುದಿಲ್ಲ. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಇನ್ನೂ ಬಿಸಿಯಾಗಿ ಉಳಿದ ಕೆಲವೇ ನ್ಯೂಟ್ರಾನ್‌ಗಳು ಸಾಮಾನ್ಯ ಸರಾಸರಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ.

ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಸಾಧನ ಲಾಗರಿದಮ್. ಆದ್ದರಿಂದ ಆ ಹತ್ತು ಪಾಲುಗಳಿಗೂ ಸ್ವಾಭಾವಿಕ ಲಾಗರಿದಮ್ ತೆಗೆದು, ಋಣ ಚಿಹ್ನೆ ಬಿಟ್ಟು ಬರೆಯಿರಿ: 2.996, 1.897, 1.386, 1.050, 0.799, 0.598, 0.431, 0.288, 0.163, 0.051. ಕೂಡಿದರೆ 9.659, ಸರಾಸರಿ 0.966. ಹತ್ತರ ಬದಲು ನೂರು ಹಂತಗಳನ್ನು ತೆಗೆದುಕೊಂಡರೆ ಇದು 1ಕ್ಕೆ ಇನ್ನೂ ಹತ್ತಿರವಾಗುತ್ತದೆ, ಕೊನೆಗೆ ಸರಿಯಾಗಿ 1 ಆಗುತ್ತದೆ. ಹೈಡ್ರೋಜನ್‌ನ ‘ಸರಾಸರಿ ಲಾಗರಿದಮಿಕ್ ಶಕ್ತಿನಷ್ಟ’ ಇದೇ. ಇದನ್ನು ಗ್ರೀಕ್ ಅಕ್ಷರ ξ (ಕ್ಸೈ)ಯಿಂದ ಗುರುತಿಸುತ್ತಾರೆ.

ಈ ಅಳತೆಯ ನಿಜವಾದ ಸೊಗಸು ಬೇರೊಂದು ಕಡೆ ಇದೆ. αEಯಿಂದ Eವರೆಗಿನ ಸಮ ಹಂಚಿಕೆಯಲ್ಲಿ E ಎಷ್ಟೇ ಇರಲಿ, ಅನುಪಾತಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ 20 ಲಕ್ಷ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ನಡೆಯುವ ಡಿಕ್ಕಿಗೂ 20 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ನಡೆಯುವ ಡಿಕ್ಕಿಗೂ ξ ಒಂದೇ. ನ್ಯೂಟ್ರಾನ್ ಒಂದೇ ಎತ್ತರದ ಮೆಟ್ಟಿಲುಗಳನ್ನು ಇಳಿಯುತ್ತದೆ, ಆ ಎತ್ತರವನ್ನು ಲಾಗರಿದಮ್‌ನಲ್ಲಿ ಅಳೆದರೆ.

ಹಂತ 3: ξ ಲೆಕ್ಕ ಹಾಕಿ

ಡಿಕ್ಕಿಯ ನಂತರದ ಶಕ್ತಿಯನ್ನು E′ ಎಂದು ಕರೆದು, ಸಮ ಹಂಚಿಕೆಯ ಮೇಲೆ ln(E/E′)ನ ಸರಾಸರಿಯನ್ನು ಸಮಾಕಲನದಿಂದ ತೆಗೆದರೆ ಬರುವ ಸೂತ್ರ ಇದು:

```
ξ = 1 + α ln α / (1 − α)
```

ಕಾರ್ಬನ್‌ಗೆ ಹಾಕೋಣ. α = 0.71598, ln α = −0.33411. ಇವುಗಳ ಗುಣಲಬ್ಧ −0.23921. ಅದನ್ನು 1 − α, ಅಂದರೆ 0.28402ರಿಂದ ಭಾಗಿಸಿದರೆ −0.8422. ಒಂದನ್ನು ಕೂಡಿದರೆ ξ = 0.158.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಹೈಡ್ರೋಜನ್‌ಗೆ α ಸೊನ್ನೆಯಾದ್ದರಿಂದ ಕ್ಯಾಲ್ಕುಲೇಟರ್ ln 0ಕ್ಕೆ ದೋಷ ತೋರಿಸುತ್ತದೆ. α ಸೊನ್ನೆಯತ್ತ ಸರಿದಂತೆ α ln α ಕೂಡ ಸೊನ್ನೆಯಾಗುವುದರಿಂದ ξ = 1 ಎಂದು ತೆಗೆದುಕೊಳ್ಳಬೇಕು; ಹಂತ 2ರಲ್ಲಿ ಕೈಯಿಂದ ಕಂಡದ್ದೂ ಅದನ್ನೇ. ಎರಡನೆಯದು, `ln` ಗುಂಡಿಯ ಬದಲು `log` ಗುಂಡಿ ಒತ್ತುವುದು. ಆಗ ಕಾರ್ಬನ್‌ಗೆ 0.634 ಬರುತ್ತದೆ. ಇದು ತಪ್ಪು ಎಂದು ಪುಸ್ತಕ ನೋಡದೆಯೇ ಹೇಳಬಹುದು: ಕಾರ್ಬನ್‌ನಲ್ಲಿ ಒಂದು ಡಿಕ್ಕಿಯ ಗರಿಷ್ಠ ಲಾಗರಿದಮಿಕ್ ನಷ್ಟವೇ ln(1/α) = 0.334. ಸರಾಸರಿಯು ಗರಿಷ್ಠವನ್ನು ಮೀರುವುದು ಹೇಗೆ ಸಾಧ್ಯ? ಸರಿಯಾದ ξ ಯಾವಾಗಲೂ ಆ ಗರಿಷ್ಠದ ಅರ್ಧಕ್ಕಿಂತ ಕೆಳಗಿರುತ್ತದೆ. ಭಾರದ ನ್ಯೂಕ್ಲಿಯಸ್‌ಗಳಲ್ಲಿ ಅರ್ಧಕ್ಕೆ ಬಹಳ ಹತ್ತಿರ.

ಸೂತ್ರ ಮರೆತರೆ ξ ≈ 2/(A + 2/3) ಎಂಬ ಸುಲಭ ರೂಪವಿದೆ. ಕಾರ್ಬನ್‌ಗೆ ಅದು 0.158ನ್ನೇ ಕೊಡುತ್ತದೆ, ತೂಕ 2 ಇರುವ ಭಾರ ಹೈಡ್ರೋಜನ್, ಅಂದರೆ ಡ್ಯೂಟೀರಿಯಂಗೆ 0.725ರ ಬದಲು 0.75 ಕೊಡುತ್ತದೆ. ಹಗುರ ನ್ಯೂಕ್ಲಿಯಸ್ ಏಕೆ ಗೆಲ್ಲುತ್ತದೆ ಎಂಬುದು ಈ ರೂಪದಲ್ಲಿ ಕಣ್ಣಿಗೇ ಕಾಣುತ್ತದೆ: A ಛೇದದಲ್ಲಿ ಕುಳಿತಿದೆ.

ಹಂತ 4: ಡಿಕ್ಕಿಗಳನ್ನು ಎಣಿಸಿ

ಇಳಿಯಬೇಕಾದ ಒಟ್ಟು ಎತ್ತರ ln(8 ಕೋಟಿ) = 18.2. ಇದನ್ನು ξಯಿಂದ ಭಾಗಿಸಿದರೆ ಡಿಕ್ಕಿಗಳ ಸಂಖ್ಯೆ ಸಿಗುತ್ತದೆ.

```
              ξ        ಡಿಕ್ಕಿಗಳು
ಹೈಡ್ರೋಜನ್      1.000       18
ಡ್ಯೂಟೀರಿಯಂ     0.725       25
ಲಿಥಿಯಂ 7       0.260       70
ಬೆರಿಲಿಯಂ       0.207       88
ಕಾರ್ಬನ್        0.158      115
ಯುರೇನಿಯಂ 238   0.0084   2,100ಕ್ಕೂ ಹೆಚ್ಚು
```

ನೀರಿನಂತಹ ಸಂಯುಕ್ತಕ್ಕೆ ξ ಬೇಕಾದರೆ ಪ್ರತಿ ಪರಮಾಣುವಿನ ಚದುರಿಕೆಯ ಅಡ್ಡಛೇದವನ್ನು ತೂಕವಾಗಿಟ್ಟು ಸರಾಸರಿ ತೆಗೆಯಬೇಕು. ಹೈಡ್ರೋಜನ್‌ಗೆ ಸುಮಾರು 20 ಬಾರ್ನ್, ಆಮ್ಲಜನಕಕ್ಕೆ 3.8. ಎರಡು ಹೈಡ್ರೋಜನ್ ಸೇರಿ 40. ಆಮ್ಲಜನಕದ ξ 0.12 ಮಾತ್ರ. ಹಾಗಾಗಿ (40 × 1 + 3.8 × 0.12) / 43.8 = 0.92. ತೂಕದಲ್ಲಿ ನೀರಿನ ಒಂಬತ್ತರಲ್ಲಿ ಎಂಟು ಪಾಲು ಆಮ್ಲಜನಕವೇ ಆಗಿದ್ದರೂ ನ್ಯೂಟ್ರಾನ್‌ನ ಕಣ್ಣಿಗೆ ನೀರು ಬಹುಪಾಲು ಹೈಡ್ರೋಜನ್.

ಈ ಪಟ್ಟಿಯಲ್ಲಿ ಯುರೇನಿಯಂನ ಸಾಲು ಪೂರ್ತಿ ಕಾಗದದ ಮೇಲಿನ ಲೆಕ್ಕ ಎಂಬುದನ್ನು ಮರೆಯಬಾರದು. ಅಷ್ಟು ಡಿಕ್ಕಿಗಳನ್ನು ದಾಟಿ ಯಾವ ನ್ಯೂಟ್ರಾನೂ ಬದುಕುವುದಿಲ್ಲ. ಯುರೇನಿಯಂ 238ಕ್ಕೆ 6.67 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಮತ್ತು ಅದರ ಮೇಲೆ ಹಲವು ಕಡೆ ನ್ಯೂಟ್ರಾನನ್ನು ನುಂಗುವ ಅನುರಣನಗಳಿವೆ. ಮೆಟ್ಟಿಲು ದೊಡ್ಡದಾಗಿದ್ದರೆ ನ್ಯೂಟ್ರಾನ್ ಈ ಕಿರಿದಾದ ಬಲೆಗಳನ್ನು ಹಾರಿ ದಾಟಬಹುದು. ಚಿಕ್ಕದಾಗಿದ್ದರೆ ಬಲೆಯೊಳಗೇ ಕಾಲಿಡುತ್ತದೆ. ಇಂಧನವನ್ನು ಸರಳುಗಳಾಗಿ ಮಾಡಿ, ನಡುವೆ ಮಂದಕಕ್ಕೆ ಜಾಗ ಬಿಡುವುದಕ್ಕೆ ಇದೊಂದು ಮುಖ್ಯ ಕಾರಣ: ಬಲೆಯ ಶಕ್ತಿಗಳನ್ನು ದಾಟುವ ಹೊತ್ತಿನಲ್ಲಿ ನ್ಯೂಟ್ರಾನ್ ಯುರೇನಿಯಂನಿಂದ ದೂರವಿರಲಿ ಎಂದು.

ಹಂತ 5: ಕಂಪ್ಯೂಟರಿನಲ್ಲಿ ಪರೀಕ್ಷಿಸಿ

ಸೂತ್ರವನ್ನು ನಂಬುವ ಮೊದಲು ನ್ಯೂಟ್ರಾನ್‌ಗಳನ್ನು ಒಂದೊಂದಾಗಿ ಓಡಿಸಿ ನೋಡುವುದು ಒಳ್ಳೆಯದು. ಪೈಥಾನ್‌ನಲ್ಲಿ ಇಷ್ಟು ಸಾಕು:

```python
import random

def collisions(A, E=2e6, stop=0.025):
    a = ((A - 1) / (A + 1))**2
    n = 0
    while E > stop:
        E *= a + (1 - a) * random.random()
        n += 1
    return n

for A in (1, 2, 12):
    r = [collisions(A) for _ in range(20000)]
    print(A, sum(r) / len(r))
```

ಉತ್ತರಗಳು 19.2, 25.9, 116.0ರ ಆಸುಪಾಸು ಬರುತ್ತವೆ. ಪಟ್ಟಿಯ ಸಂಖ್ಯೆಗಳು ಪೂರ್ಣಾಂಕಕ್ಕೆ ಇಳಿಸುವ ಮೊದಲು 18.2, 25.1, 115.3. ಈ ಸಣ್ಣ ವ್ಯತ್ಯಾಸ ಕಂಡು ಕೋಡ್‌ನಲ್ಲಿ ದೋಷ ಹುಡುಕುತ್ತಾ ಕೂರುವವರಿದ್ದಾರೆ. ದೋಷವಿಲ್ಲ. ನಾವು ಗೆರೆ ದಾಟಿದ ಮೇಲೆ ನಿಲ್ಲಿಸುತ್ತಿದ್ದೇವೆ. ಕೊನೆಯ ಹೆಜ್ಜೆ ನ್ಯೂಟ್ರಾನನ್ನು 0.025ರ ಮೇಲೆಯೇ ನಿಲ್ಲಿಸುವುದಿಲ್ಲ, ಅದಕ್ಕಿಂತ ಕೆಳಕ್ಕೆ ಒಯ್ಯುತ್ತದೆ. ಆ ಹೆಚ್ಚುವರಿ ಇಳಿತದ ಪಾಲು ಎಣಿಕೆಗೆ ಸೇರುತ್ತದೆ. ಹೈಡ್ರೋಜನ್‌ನಲ್ಲಿ ಅದು ಸರಿಯಾಗಿ ಒಂದು ಡಿಕ್ಕಿ, ಕಾರ್ಬನ್‌ನಲ್ಲಿ ಸುಮಾರು 0.7.

ಸರಾಸರಿಯಷ್ಟೇ ಮುಖ್ಯವಾದದ್ದು ಹರಡುವಿಕೆ. ಹೈಡ್ರೋಜನ್‌ನಲ್ಲಿ ಡಿಕ್ಕಿಗಳ ಸಂಖ್ಯೆ ಸರಾಸರಿಯಿಂದ ನಾಲ್ಕರಷ್ಟು ಆಚೀಚೆ ಆಗುವುದು ತೀರಾ ಮಾಮೂಲು. 12ಕ್ಕೇ ಇಳಿದು ನಿಲ್ಲುವ ನ್ಯೂಟ್ರಾನೂ ಇದೆ, 28 ದಾಟುವುದೂ ಇದೆ. ಕಾರ್ಬನ್‌ನಲ್ಲಿ 116ರ ಆಚೀಚೆ ಆರೇಳು ಮಾತ್ರ. ಮೆಟ್ಟಿಲು ಚಿಕ್ಕದಾದಷ್ಟೂ ಇಳಿತ ಒಂದೇ ಹದದಲ್ಲಿ ಸಾಗುತ್ತದೆ.

ಹಂತ 6: ಹಗುರವಾಗಿದ್ದರೆ ಸಾಕೇ? ಮಂಡ್ಯದ ಲಿಥಿಯಂನ ಲೆಕ್ಕ

ಶ್ರೀರಂಗಪಟ್ಟಣದ ಕಡೆಯ ಅಲ್ಲಾಪಟ್ಟಣ, ಮರಳಗಾಲ ಪ್ರದೇಶದ ಶಿಲೆಗಳಲ್ಲಿ ಲಿಥಿಯಂ ಇರುವುದನ್ನು ಪರಮಾಣು ಇಂಧನ ಇಲಾಖೆಯ ಖನಿಜ ಶೋಧಕರು ಗುರುತಿಸಿದ ಸುದ್ದಿ ಬಂದಾಗಿನಿಂದ ತರಗತಿಯಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ: “ಸರ್, ಲಿಥಿಯಂ ಕಾರ್ಬನ್‌ಗಿಂತ ಹಗುರ. ನಮ್ಮ ಜಿಲ್ಲೆಯ ಲಿಥಿಯಂ ಮಂದಕ ಆಗಲಾರದೇ?” ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಏಕೆಂದರೆ ξ ಏನನ್ನು ಹೇಳುವುದಿಲ್ಲ ಎಂಬುದು ಇದರಿಂದ ಬಯಲಾಗುತ್ತದೆ.

ಪಟ್ಟಿಯ ಪ್ರಕಾರ ಲಿಥಿಯಂಗೆ 70 ಡಿಕ್ಕಿ ಸಾಕು, ಕಾರ್ಬನ್‌ಗೆ 115. ಆದರೆ ಪ್ರಕೃತಿಯಲ್ಲಿ ಸಿಗುವ ಲಿಥಿಯಂನಲ್ಲಿ ಶೇಕಡ 7.5ರಷ್ಟು ಲಿಥಿಯಂ 6 ಇರುತ್ತದೆ. ನಿಧಾನ ನ್ಯೂಟ್ರಾನನ್ನು ಹೀರುವ ಅದರ ಅಡ್ಡಛೇದ 940 ಬಾರ್ನ್. ಮಿಶ್ರಣದ ಸರಾಸರಿ ತೆಗೆದರೆ ಹೀರಿಕೆ ಸುಮಾರು 70 ಬಾರ್ನ್, ಚದುರಿಕೆ ಬರೀ 1.4 ಬಾರ್ನ್.

ಹೀರಿಕೆ 70 ಬಾರ್ನ್ ಇರುವುದು 0.025 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಮಾತ್ರ, ಮೇಲೆ ಅಷ್ಟಿರುವುದಿಲ್ಲ ಎಂದು ವಾದಿಸಬಹುದು. ವಾದ ಸರಿಯೇ. ಲಿಥಿಯಂ 6ರ ಹೀರಿಕೆ ನ್ಯೂಟ್ರಾನ್‌ನ ವೇಗ ಹೆಚ್ಚಾದಷ್ಟೂ ವಿಲೋಮವಾಗಿ ಇಳಿಯುತ್ತದೆ. ಹಾಗಾದರೆ ಹೀರಿಕೆ ಮತ್ತು ಚದುರಿಕೆ ಸಮನಾಗುವುದು ಎಲ್ಲಿ? 70 ಬಾರ್ನ್ 1.4ಕ್ಕೆ ಇಳಿಯಬೇಕಾದರೆ ವೇಗ 50 ಪಟ್ಟು, ಶಕ್ತಿ 2,500 ಪಟ್ಟು ಹೆಚ್ಚಬೇಕು. ಅಂದರೆ 60 ಎಲೆಕ್ಟ್ರಾನ್‌ವೋಲ್ಟ್‌ನ ಸುತ್ತಮುತ್ತ. ಅಲ್ಲಿಂದ ಕೆಳಗೆ ಪ್ರತಿ ಡಿಕ್ಕಿಯಲ್ಲೂ ನ್ಯೂಟ್ರಾನ್ ಬದುಕುವ ಸಂಭವ ಅರ್ಧಕ್ಕಿಂತ ಕಡಿಮೆ. ಅಲ್ಲಿಂದ ಇಳಿಯಬೇಕಾದ ಎತ್ತರ ln(2,500) = 7.8, ಅದನ್ನು 0.26ರಿಂದ ಭಾಗಿಸಿದರೆ 30 ಡಿಕ್ಕಿ. ಅರ್ಧವನ್ನು 30 ಸಲ ಗುಣಿಸಿದರೆ ನೂರು ಕೋಟಿಯಲ್ಲಿ ಒಂದು. ನಿಜವಾದ ಸಂಭವ ಇದಕ್ಕಿಂತಲೂ ಬಹಳ ಕಡಿಮೆ, ಏಕೆಂದರೆ ಕೆಳಗಿಳಿದಂತೆ ಹೀರಿಕೆ ಏರುತ್ತಲೇ ಹೋಗುತ್ತದೆ. ಮಂಡ್ಯದ ಲಿಥಿಯಂಗೆ ಬ್ಯಾಟರಿಯಲ್ಲಿ ಕೆಲಸವಿದೆ, ಮಂದಕದಲ್ಲಿ ಇಲ್ಲ.

ಲಿಥಿಯಂ 7ನ್ನು ಬೇರ್ಪಡಿಸಿದರೆ ಹೀರಿಕೆ 0.045 ಬಾರ್ನ್‌ಗೆ ಇಳಿಯುತ್ತದೆ. ಆಗಲೂ ξ × ಚದುರಿಕೆಯನ್ನು ಹೀರಿಕೆಯಿಂದ ಭಾಗಿಸಿದರೆ ಬರುವುದು 8. ಈ ಭಾಗಲಬ್ಧಕ್ಕೆ ಮಂದಕ ಅನುಪಾತ ಎನ್ನುತ್ತಾರೆ. ಸಾಧಾರಣ ನೀರಿಗೆ ಅದು ಸುಮಾರು 70, ಶುದ್ಧ ಗ್ರಾಫೈಟ್‌ಗೆ ಸುಮಾರು 200, ಹೈಡ್ರೋಜನ್‌ನ ಜಾಗದಲ್ಲಿ ಡ್ಯೂಟೀರಿಯಂ ಇರುವ ಭಾರಜಲಕ್ಕೆ ಕೆಲವು ಸಾವಿರ. ಹೈಡ್ರೋಜನ್ ಅತಿ ಬೇಗ ನಿಧಾನಗೊಳಿಸುತ್ತದೆ, ಆದರೆ 0.33 ಬಾರ್ನ್‌ನಷ್ಟು ಹೀರುತ್ತದೆ. ಡ್ಯೂಟೀರಿಯಂ ಏಳು ಡಿಕ್ಕಿ ಹೆಚ್ಚು ಕೇಳುತ್ತದೆ, ಹೀರುವುದು ಮಾತ್ರ 0.0005 ಬಾರ್ನ್. ಸಾಧಾರಣ ನೀರು ಬಳಸುವ ರಿಯಾಕ್ಟರ್‌ಗೆ ಯುರೇನಿಯಂ 235ರ ಪಾಲು ಹೆಚ್ಚಿಸಿದ ಇಂಧನ ಬೇಕಾಗುವುದೂ, ಕೈಗಾದ ಭಾರಜಲ ರಿಯಾಕ್ಟರ್‌ಗಳು ಸ್ವಾಭಾವಿಕ ಯುರೇನಿಯಂನಿಂದಲೇ ನಡೆಯುವುದೂ ಇದರಿಂದಾಗಿ.

ಇನ್ನೊಂದನ್ನೂ ξ ಹೇಳುವುದಿಲ್ಲ: ಸಾಂದ್ರತೆ. ಹೀಲಿಯಂ 4 ಹಗುರ, ನ್ಯೂಟ್ರಾನನ್ನು ಹೀರುವುದೂ ಇಲ್ಲ. ಆದರೆ ಅದು ಅನಿಲ, ಡಿಕ್ಕಿ ಹೊಡೆಯಲು ಪರಮಾಣುಗಳೇ ಸಾಲವು. ವೇಗದ ನ್ಯೂಟ್ರಾನ್ ಉಷ್ಣ ಶಕ್ತಿಗೆ ಇಳಿಯುವಷ್ಟರಲ್ಲಿ ಸಾಗುವ ದೂರವನ್ನು ಸೂಚಿಸುವ ಅಳತೆ ನೀರಿನಲ್ಲಿ ಸುಮಾರು 5 ಸೆಂಟಿಮೀಟರ್, ಭಾರಜಲದಲ್ಲಿ 11, ಗ್ರಾಫೈಟ್‌ನಲ್ಲಿ 19. ಗ್ರಾಫೈಟ್ ರಿಯಾಕ್ಟರ್‌ಗಳು ಅಷ್ಟು ದೊಡ್ಡದಾಗಿರುವುದು ಈ ಕಾರಣಕ್ಕೇ.

ಹಂತ 7: ಲೆಕ್ಕ ಎಲ್ಲಿ ನಿಲ್ಲುತ್ತದೆ

ನ್ಯೂಕ್ಲಿಯಸ್ ನಿಂತಿದೆ, ಯಾವುದಕ್ಕೂ ಕಟ್ಟಿಕೊಂಡಿಲ್ಲ ಎಂದು ನಾವು ಆರಂಭದಲ್ಲೇ ಒಪ್ಪಿಕೊಂಡಿದ್ದೆವು. ಸುಮಾರು 1 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕೆಳಗೆ ಇವೆರಡೂ ಸುಳ್ಳಾಗುತ್ತವೆ. ನೀರಿನಲ್ಲಿ ಹೈಡ್ರೋಜನ್ ಬಿಡಿಯಾಗಿಲ್ಲ, ಅಣುವಿನ ಬಂಧದಲ್ಲಿದೆ. ಆ ಅಣುವೂ ಉಷ್ಣತೆಯಿಂದ ಅಲುಗಾಡುತ್ತಿದೆ. ಡಿಕ್ಕಿಯಲ್ಲಿ ನ್ಯೂಟ್ರಾನ್ ಕೆಲವೊಮ್ಮೆ ಶಕ್ತಿಯನ್ನು ಪಡೆದೂ ಹೊರಬರುತ್ತದೆ. ನಮ್ಮ ಕೋಡ್‌ನಲ್ಲಿ `stop` ಬೆಲೆಯನ್ನು ಇಳಿಸುತ್ತಾ ಹೋದರೆ ನ್ಯೂಟ್ರಾನ್ ಎಷ್ಟು ಕೆಳಕ್ಕಾದರೂ ಇಳಿಯುತ್ತದೆ. ನಿಜವಾದ ಮಂದಕದಲ್ಲಿ ಅದು ಮಂದಕದ ಉಷ್ಣತೆಗೆ ತಕ್ಕ ಹಂಚಿಕೆಯನ್ನು ಸೇರಿ ಅಲ್ಲೇ ಏರಿಳಿಯುತ್ತಿರುತ್ತದೆ. ಆದ್ದರಿಂದ ξಯ ಎಣಿಕೆಯನ್ನು 1 ಎಲೆಕ್ಟ್ರಾನ್‌ವೋಲ್ಟ್‌ವರೆಗೆ ನಿಲ್ಲಿಸುವುದು ಹೆಚ್ಚು ಪ್ರಾಮಾಣಿಕ: ln(20 ಲಕ್ಷ) = 14.5. ಹೈಡ್ರೋಜನ್‌ಗೆ 14ರಿಂದ 15, ಕಾರ್ಬನ್‌ಗೆ 92. ಹೋಲಿಕೆ ಬದಲಾಗುವುದಿಲ್ಲ.

ಮಂದಕ ಅನುಪಾತವನ್ನೂ ಪುಸ್ತಕದಿಂದ ಹಾಗೆಯೇ ಎತ್ತಿಕೊಳ್ಳಬೇಡಿ, ಅದು ವಸ್ತುವಿನ ಶುದ್ಧತೆಯ ಮೇಲೆ ನಿಂತಿದೆ. ಭಾರಜಲದ ಲೆಕ್ಕವನ್ನೇ ಮಾಡಿ ನೋಡಿ. ಎರಡು ಡ್ಯೂಟೀರಿಯಂ, ಒಂದು ಆಮ್ಲಜನಕ ಸೇರಿ ಒಂದು ಅಣು ಹೀರುವುದು ಸುಮಾರು 0.0012 ಬಾರ್ನ್. ಅದರಲ್ಲಿ ಶೇಕಡ 0.25ರಷ್ಟು ಸಾಧಾರಣ ನೀರು ಬೆರೆತಿದೆ ಎನ್ನಿ. ಸಾಧಾರಣ ನೀರಿನ ಅಣು 0.66 ಬಾರ್ನ್ ಹೀರುತ್ತದೆ; ಅದರ 0.0025 ಪಾಲು ಎಂದರೆ 0.0017 ಬಾರ್ನ್. ಉಳಿದ ಶೇಕಡ 99.75 ಭಾರಜಲವೆಲ್ಲ ಸೇರಿ ಹೀರುವುದಕ್ಕಿಂತ ಆ ಒಂದಿಷ್ಟು ಸಾಧಾರಣ ನೀರು ಹೀರುವುದೇ ಹೆಚ್ಚು. ಡಿಕ್ಕಿಗಳ ಸಂಖ್ಯೆಯಲ್ಲಿ ಇದರ ಸುಳಿವೇ ಸಿಗುವುದಿಲ್ಲ, ξ ಬಹುತೇಕ ಹಾಗೆಯೇ ಇರುತ್ತದೆ. ಅದಕ್ಕೇ ಭಾರಜಲ ರಿಯಾಕ್ಟರ್ ನಡೆಸುವವರು ಮಂದಕದ ಐಸೊಟೋಪ್ ಶುದ್ಧತೆಯನ್ನು ಅಳೆಯುತ್ತಲೇ ಇರುತ್ತಾರೆ, ಗಾಳಿಯ ತೇವ ಬೆರೆತು ಶುದ್ಧತೆ ಇಳಿದ ಭಾರಜಲವನ್ನು ಬಟ್ಟಿ ಇಳಿಸಿ ಮತ್ತೆ ಮೇಲಕ್ಕೇರಿಸುತ್ತಾರೆ.